‘2 ಎಕರೆ ತೋಟ’ ಎಂಬ ಸ್ಕ್ರೀನ್‌ಶಾಟ್ ಬಂದರೆ ಅಳೆದು ನೋಡುವುದು ಹೇಗೆ?

‘ಗುಂಡ್ಯ ಹತ್ತಿರ, ಹೊಳೆ ಬದಿ, 2 ಎಕರೆ ಅಡಿಕೆ ತೋಟ ಮಾರಾಟಕ್ಕಿದೆ.’ ಇಂಥದೊಂದು ವಾಟ್ಸಾಪ್ ಸಂದೇಶ, ಜತೆಗೆ ಗೂಗಲ್ ಮ್ಯಾಪ್‌ನ ಉಪಗ್ರಹ ಚಿತ್ರ, ಅದರ ಮೇಲೆ ಕೆಂಪು ಗೆರೆ ಎಳೆದು ತೋರಿಸಿದ ಗಡಿ ನಿಮಗೆ ಬಂದಿದೆ ಎಂದುಕೊಳ್ಳೋಣ. ಗೆರೆಯೊಳಗೆ ನಿಜಕ್ಕೂ 2 ಎಕರೆ ಇದೆಯೇ? ಚಿತ್ರದ ಮೂಲೆಯಲ್ಲಿ ‘20 m’ ಎಂದು ಬರೆದ ಸಣ್ಣ ಅಳತೆ ಗೆರೆ ಉಳಿದಿದ್ದರೆ, ಅಂದಾಜು ಉತ್ತರವನ್ನು ಮನೆಯಲ್ಲೇ ಕಂಡುಕೊಳ್ಳಬಹುದು.

ಆ ಚಿತ್ರವನ್ನು ಪ್ರಿಂಟ್ ತೆಗೆಸಿ. ಅಳತೆ ಗೆರೆ ಕಾಗದದ ಮೇಲೆ ಎಷ್ಟು ಉದ್ದ ಇದೆಯೋ ಅಷ್ಟೇ ಬದಿಯ ಚೌಕಗಳನ್ನು ತೋಟದ ಮೇಲೆಲ್ಲ ಎಳೆಯಿರಿ. ಗೆರೆ 14 ಮಿಲಿಮೀಟರ್ ಬಂದರೆ ಚೌಕದ ಬದಿಯೂ 14 ಮಿಲಿಮೀಟರ್. ನೆಲದ ಮೇಲೆ ಅದು 20 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ, ಅಂದರೆ 400 ಚದರ ಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚು ಕಡಿಮೆ 10 ಸೆಂಟ್ಸ್. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್, 100 ಸೆಂಟ್ಸ್‌ಗೆ ಒಂದು ಎಕರೆ.

ಈಗ ಎಣಿಸೋಣ. ಕೆಂಪು ಗೆರೆಯೊಳಗೆ ಪೂರ್ತಿ ಬಿದ್ದ ಚೌಕಗಳು 8, ಗಡಿಯಲ್ಲಿ ತುಂಡಾದವು 11 ಎಂದಿಟ್ಟುಕೊಳ್ಳಿ. ತುಂಡಾದವುಗಳಲ್ಲಿ ಕೆಲವು ದೊಡ್ಡವು, ಕೆಲವು ಸಣ್ಣವು. ಒಟ್ಟಾರೆ ಅರ್ಧರ್ಧ ಎಂದು ಹಿಡಿದರೆ ಐದೂವರೆ ಆಯಿತು. ಒಟ್ಟು 13.5 ಚೌಕ, 5400 ಚದರ ಮೀಟರ್, ಅಂದರೆ ಸುಮಾರು 133 ಸೆಂಟ್ಸ್. ಘಟ್ಟದ ಮೇಲಿನವರಿಗೆ ಹೇಳುವಾಗ 1 ಎಕರೆ 13 ಗುಂಟೆ ಎನ್ನಬೇಕು. 2 ಎಕರೆ ಆಗಬೇಕಿದ್ದರೆ 20 ಚೌಕ ಸಿಗಬೇಕಿತ್ತು.

ಮಾರುವವರು ಸುಳ್ಳು ಹೇಳಿದರು ಎಂದು ಫಾರ್ವರ್ಡ್ ಮಾಡುವ ಮೊದಲು ಅಳತೆ ಗೆರೆಯನ್ನೇ ಸ್ವಲ್ಪ ಅನುಮಾನಿಸಬೇಕು. ವಾಟ್ಸಾಪ್‌ನಲ್ಲಿ ಚಿತ್ರ ಕುಗ್ಗಿದರೆ ತೊಂದರೆಯಿಲ್ಲ, ಗೆರೆಯೂ ತೋಟವೂ ಒಟ್ಟಿಗೇ ಕುಗ್ಗುತ್ತವೆ. ಬೇರೆ ಝೂಮ್‌ನ ಚಿತ್ರದಿಂದ ಗೆರೆಯನ್ನು ಕತ್ತರಿಸಿ ಅಂಟಿಸಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ. ಕೆಡುವುದೂ ಸ್ವಲ್ಪವಲ್ಲ: ವಿಸ್ತೀರ್ಣಕ್ಕೆ ಉದ್ದ, ಅಗಲ ಎರಡೂ ಬೇಕಾದ್ದರಿಂದ ಗೆರೆಯಲ್ಲಿ ನೂರಕ್ಕೆ 22ರಷ್ಟು ತಪ್ಪಿದ್ದರೆ ವಿಸ್ತೀರ್ಣ ಒಂದೂವರೆ ಪಟ್ಟಾಗುತ್ತದೆ. 133 ಸೆಂಟ್ಸ್ 2 ಎಕರೆಯಾಗಲು ಅಷ್ಟೇ ಸಾಕು! ಗೆರೆಯ ಬಳಿ ಅಡಿ, ಮೀಟರ್ ಎರಡೂ ಇದ್ದರೆ ಎರಡರ ಉದ್ದ ಬೇರೆ ಬೇರೆ ಎಂಬುದನ್ನೂ ಗಮನಿಸಿ.

ಇದನ್ನು ಪರೀಕ್ಷಿಸಲು ಅಡಿಕೆ ಮರಗಳೇ ಸಾಕು. ಹೊಸದಾಗಿ ನೆಡುವವರಿಗೆ ಶಿಫಾರಸು ಮಾಡುವ ಅಂತರ 2.7 ಮೀಟರ್, ಅಂದರೆ 9 ಅಡಿ. ಹಾಗಿದ್ದರೆ ಒಂದು ಸಾಲಿನಲ್ಲಿ 20 ಮೀಟರ್ ಗೆರೆಯ ಉದ್ದಕ್ಕೆ ಏಳು–ಎಂಟು ಅಂತರಗಳು ಸಿಗಬೇಕು. ಒಂಬತ್ತು ಸಿಕ್ಕಿದರೆ ಒಂದೋ ಮರಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ, ಇಲ್ಲವೇ ಗೆರೆ ಸರಿಯಿಲ್ಲ. ಮಾರುವವರನ್ನು ‘ಎಷ್ಟು ಅಡಿಗೆ ನೆಟ್ಟದ್ದು?’ ಎಂದು ಕೇಳಿದರೆ ಗೊತ್ತಾಗುತ್ತದೆ. ಚಿತ್ರದಲ್ಲಿ ಹೆದ್ದಾರಿಯೂ ಬಿದ್ದಿದ್ದು, ಅಲ್ಲಿ ಬಸ್ಸೊಂದು ಕಂಡರೆ ಇನ್ನೂ ಒಳ್ಳೆಯದು. ದೊಡ್ಡ ಬಸ್ಸಿನ ಉದ್ದ 11–12 ಮೀಟರ್, ಅದು ಗೆರೆಯ ಅರ್ಧಕ್ಕಿಂತ ತುಸು ಹೆಚ್ಚಿರಬೇಕು. ತೋಟದ ದುಂಡು ಬಾವಿ ಮೊಟ್ಟೆಯಂತೆ ಕಂಡರೆ ಚಿತ್ರವನ್ನು ಯಾರೋ ಎಳೆದಿದ್ದಾರೆ ಅಥವಾ ಓರೆ ನೋಟದಲ್ಲಿ ತೆಗೆದಿದ್ದಾರೆ. ಅಂಥ ಚಿತ್ರವನ್ನು ಅಳೆಯುವುದೇ ಬೇಡ.

ಗೆರೆ ಸರಿಯಿದ್ದರೂ ಗಡಿ ಸ್ವಲ್ಪ ಆಚೀಚೆ ಆಗುತ್ತದೆ. ಮೇಲಿನಿಂದ ನೋಡುವಾಗ ಕಾಣುವುದು ಮರದ ತಲೆ, ಬೇಲಿಯಲ್ಲ. ಪಕ್ಕದ ಕಾಡುಮರದ ಕೊಂಬೆ ತೋಟದ ಮೇಲೆ ಚಾಚಿರುತ್ತದೆ. ಸುಮಾರು 300 ಮೀಟರ್ ಸುತ್ತಳತೆಯ ಈ ತೋಟದ ಗಡಿಯನ್ನು ಎಲ್ಲ ಕಡೆ ಒಂದು ಮೀಟರ್ ಹೊರಗೆ ಎಳೆದರೆ 7 ಸೆಂಟ್ಸ್ ಹೆಚ್ಚುತ್ತದೆ. ಚೌಕ ಎಣಿಸುವಾಗಿನ ವ್ಯತ್ಯಾಸ ಇನ್ನೊಂದು 10 ಸೆಂಟ್ಸ್ ಎನ್ನಿ. ಆದ್ದರಿಂದ ನಾವು ‘133’ ಎನ್ನುವುದಿಲ್ಲ, ‘115ರಿಂದ 150 ಸೆಂಟ್ಸ್ ಒಳಗೆ’ ಎನ್ನುತ್ತೇವೆ. ಆಗಲೂ 200 ದೂರವೇ. ಕೆರೆಯಾದರೆ ದಡದ ಗೆರೆಯೇ ಮಳೆಗಾಲಕ್ಕೊಂದು, ಬೇಸಗೆಗೊಂದು. ಚಿತ್ರ ಯಾವ ತಿಂಗಳದ್ದು ಎಂದು ತಿಳಿಯದೆ ಅದರ ಅಳತೆಗೆ ಅರ್ಥವಿಲ್ಲ.

ಗುಂಡ್ಯ ಶಿರಾಡಿ ಘಾಟಿಯ ಬುಡದಲ್ಲಿರುವ ಊರು, ಇಳಿಜಾರಿನ ತೋಟಗಳು ಇಲ್ಲಿ ಸಾಮಾನ್ಯ. ‘ಟೇಪ್ ಹಿಡಿದು ಅಳೆದಿದ್ದೇವೆ, ನಿಮ್ಮ ಫೋಟೊ ಕಡಿಮೆ ತೋರಿಸುತ್ತದೆ’ ಎಂದು ಅವರು ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ: 30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಒತ್ತಿ ಟೇಪ್ ಹಿಡಿದರೆ ವಿಸ್ತೀರ್ಣ ನೂರಕ್ಕೆ 15ರಷ್ಟು ಹೆಚ್ಚು ಬರುತ್ತದೆ, 133 ಇದ್ದದ್ದು 154 ಆಗುತ್ತದೆ. ಆದರೆ ಸರ್ವೆಯವರು ಅಳೆಯುವುದು ಇಳಿಜಾರನ್ನು ಸಮತಟ್ಟಿಗೆ ಇಳಿಸಿದ ಅಳತೆಯನ್ನು, ಉಪಗ್ರಹ ಚಿತ್ರ ತೋರಿಸುವುದೂ ಅದನ್ನೇ. ಮುಂಗಡ ಕೊಡುವ ಮೊದಲು ಪಹಣಿಯ ವಿಸ್ತೀರ್ಣ ನೋಡಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುತ್ತಿದ್ದರೆ 11ಇ ನಕ್ಷೆ ಕೇಳಿ. ನೋಂದಣಿಗೆ ಲೆಕ್ಕಕ್ಕೆ ಬರುವುದು ಅದೇ, ಕೆಂಪು ಗೆರೆಯೂ ಅಲ್ಲ, ನಮ್ಮ ಚೌಕಗಳೂ ಅಲ್ಲ.