‘ಬದಿಯಲಿ’ ಕಾಗುಣಿತದ ತಪ್ಪಲ್ಲ

ಪಿಯುಸಿ ಸೇರಿದ ಮೇಲೆ ನಡೆದ ಮೊದಲ ಪದ್ಯದ ತರಗತಿಯಲ್ಲಿ ನಾನೊಂದು ಜಾಣತನ ಮಾಡಿದೆ. ಪದ್ಯದಲ್ಲಿ ‘ಅಲಿ’ ಎಂದು ಮುಗಿಯುವ ಪದವೊಂದಿತ್ತು. ‘ಅಲ್ಲಿ’ ಎಂದಿರಬೇಕಲ್ಲ ಎಂದುಕೊಂಡು ಪೆನ್ಸಿಲಿನಿಂದ ಒಂದು ಲ ಒತ್ತು ಸೇರಿಸಿದೆ. ನಮ್ಮದು ಉರ್ದು ಮಾತನಾಡುವ ಮನೆ. ಕನ್ನಡದ ಒತ್ತಕ್ಷರ ಬಿಟ್ಟು ಬೈಸಿಕೊಂಡು ಅಭ್ಯಾಸವಿತ್ತು, ಈ ಸಲ ಪುಸ್ತಕದ ತಪ್ಪನ್ನೇ ಹಿಡಿದೆ ಎಂದು ಖುಷಿಯಾಯಿತು. ಮೇಡಂ ನೋಡಿ ನಕ್ಕು, “ಈಗ ಸಾಲನ್ನು ಗಟ್ಟಿಯಾಗಿ ಓದು” ಎಂದರು. ಓದಿದೆ. ಸಾಲು ಮಧ್ಯದಲ್ಲೇ ಎಡವಿತು.

ಆ ದಿನ ಹಲಗೆಯ ಮೇಲೆ ನಾಲ್ಕು ಪದಗಳಿದ್ದವು: ನುಡಿ, ದ್ವಿಪದಿ, ಪಲ್ಲವಿ, ಛಂದಸ್ಸು. ಇಂಗ್ಲಿಷ್ ತರಗತಿಯಲ್ಲಿ ಇವನ್ನೇ ಸ್ಟ್ಯಾಂಜಾ, ಕಪ್ಲೆಟ್, ರಿಫ್ರೇನ್, ಮೀಟರ್ ಎನ್ನುತ್ತಾರೆ. ಮೊದಲ ಮೂರು ಕಣ್ಣಿಗೆ ಕಾಣುತ್ತವೆ. ಕೆಲವು ಸಾಲುಗಳು ಸೇರಿದ ಒಂದು ಕಟ್ಟು ನುಡಿ. ಎರಡೇ ಸಾಲಿನ ಜೋಡಿ ದ್ವಿಪದಿ. ಪ್ರತಿ ನುಡಿಯ ನಂತರ ಮತ್ತೆ ಮತ್ತೆ ಬರುವ ಸಾಲು ಪಲ್ಲವಿ. ನಮ್ಮ ದಾದಾ ಕೇಳುವ ಗಜಲಿನಲ್ಲೂ ಎರಡು ಸಾಲಿನ ಶೇರ್ ಇದೆ, ಆದರೆ ಒಂದೊಂದು ಶೇರ್ ತನ್ನಷ್ಟಕ್ಕೆ ಪೂರ್ತಿ ಅರ್ಥ ಕೊಡಬೇಕು. ಅಲ್ಲಿ ಮರಳಿ ಬರುವುದು ಇಡೀ ಸಾಲಲ್ಲ, ಸಾಲಿನ ಕೊನೆಯ ಪದ ಅಥವಾ ಪದಗಳು. ಅದಕ್ಕೆ ರದೀಫ್ ಎನ್ನುತ್ತಾರೆ.

ನಾಲ್ಕನೆಯದು, ಛಂದಸ್ಸು, ಕಣ್ಣಿಗೆ ಕಾಣುವುದಿಲ್ಲ, ಎಣಿಸಬೇಕು. ಇಂಗ್ಲಿಷಿನಲ್ಲಿ ಒತ್ತಿ ಹೇಳುವ ಜಾಗವನ್ನು ಎಣಿಸುತ್ತಾರೆ. ಕನ್ನಡದ ಇಂಥ ಪದ್ಯಗಳಲ್ಲಿ ಎಣಿಸುವುದು ಅಕ್ಷರ ಹೇಳಲು ಹಿಡಿಯುವ ಕಾಲವನ್ನು. ಅದರ ಅಳತೆಯೇ ಮಾತ್ರೆ. ಹ್ರಸ್ವ ಅಕ್ಷರ ಲಘು, ಅದಕ್ಕೆ 1 ಮಾತ್ರೆ. ದೀರ್ಘಾಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವು ಗುರು, 2 ಮಾತ್ರೆ. ಇಲ್ಲಿ ನಾನು ಮೊದಲು ತಪ್ಪಿದ್ದು ಒತ್ತಿನಲ್ಲಿ. ‘ಕಬ್ಬು’ ಎಂಬಲ್ಲಿ ಭಾರವಾಗುವುದು ‘ಬ್ಬು’ ಅಲ್ಲ, ಅದರ ಹಿಂದಿನ ‘ಕ’.

ನಮ್ಮ ಅರಕೆರೆಯನ್ನೇ ನೆನೆದು ಎರಡು ಸಾಲು ಕಟ್ಟಿದೆ:

ನಾಲೆ ಬದಿಯಲಿ ಕಬ್ಬು ನಿಂತಿದೆ
ಸಾಲು ಎತ್ತಿನ ಗಾಡಿ ಬಂದಿದೆ

ಎಣಿಸೋಣ. ನಾಲೆ 2+1, ಅಂದರೆ 3. ಬದಿಯಲಿ ನಾಲ್ಕೂ ಲಘು, 4. ಕಬ್ಬು 2+1, 3. ನಿಂತಿದೆ 2+1+1, 4. ಒಟ್ಟು 14. ಎರಡನೇ ಸಾಲೂ ಹಾಗೆಯೇ 3, 4, 3, 4. ಈಗ ‘ಬದಿಯಲ್ಲಿ’ ಎಂದು ಬರೆದು ನೋಡಿ. ‘ಲ್ಲಿ’ ಹಿಂದಿನ ‘ಯ’ ಗುರುವಾಗಿ ಪದ 5 ಮಾತ್ರೆಗೆ ಏರುತ್ತದೆ, ಸಾಲು 15 ಆಗುತ್ತದೆ. ನಾನು ಪೆನ್ಸಿಲಿನಿಂದ ಮಾಡಿದ್ದು ಇದೇ. ಕವಿ ಒತ್ತು ಬಿಟ್ಟದ್ದು ಮರೆತು ಅಲ್ಲ, ಅಳತೆಗಾಗಿ.

ಹಾಗಾದರೆ 14 ಬಂದರೆ ಸಾಕೇ? ಸಾಲದು. ‘ಬದಿಯಲಿ ನಾಲೆ ನಿಂತಿದೆ ಕಬ್ಬು’ ಎಂದರೂ ಮೊತ್ತ 14. ಆದರೆ ಈಗ ಕ್ರಮ 4, 3, 4, 3. ಮುಂದಿನ ಸಾಲಿನ ಜೊತೆ ಓದಿದರೆ ಹೆಜ್ಜೆ ಕೂಡುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಲೆಕ್ಕದೊಳಗೆ ತಪ್ಪು ಉಳಿದಿರಬಹುದು ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವಲ್ಲ, ಹಾಗೆ. ಮಾತ್ರೆಗಳ ಈ ಗುಂಪಿಗೆ ಗಣ ಎಂದು ಹೆಸರು. ಓದುವಾಗ ಚಪ್ಪಾಳೆ ತಟ್ಟಿದರೆ ಗಣ ತಪ್ಪಿದ ಜಾಗ ಕೈಗೇ ಗೊತ್ತಾಗುತ್ತದೆ.

3, 4, 3, 4 ಎಂಬ ಈ ನಡೆ ನನ್ನದಲ್ಲ, ಭಾಮಿನಿ ಷಟ್ಪದಿಯದು. ಅದರ ಒಂದು ನುಡಿಗೆ ಆರು ಸಾಲು. 1, 2, 4, 5ನೇ ಸಾಲುಗಳಿಗೆ 14 ಮಾತ್ರೆ. 3 ಮತ್ತು 6ನೇ ಸಾಲು ಇನ್ನೊಂದು 3, 4 ಸೇರಿ, ಕೊನೆಗೊಂದು ಗುರು ಬಂದು 23 ಮಾತ್ರೆ. ಕುಮಾರವ್ಯಾಸ ತನ್ನ ಭಾರತವನ್ನು ಬರೆದದ್ದು ಈ ಅಳತೆಯಲ್ಲೇ. ನನ್ನ ಸಾಲುಗಳಲ್ಲಿ ಎರಡನೇ ಅಕ್ಷರ ಎರಡು ಕಡೆಯೂ ‘ಲ’ಕಾರ ಇರುವುದನ್ನು ಗಮನಿಸಿದಿರಾ? ಅದು ಆದಿಪ್ರಾಸ, ಹಳೆಯ ಪದ್ಯಗಳಲ್ಲಿ ಕಡ್ಡಾಯ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮೂಲದ ಬಿ.ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಈ ಕಡ್ಡಾಯವನ್ನು ಬಿಟ್ಟರು. ಆದರೆ ಮಾತ್ರೆಯ ನಡೆಯನ್ನು ಬಿಡಲಿಲ್ಲ. ಅದನ್ನೂ ಬಿಟ್ಟ ನವ್ಯ ಕವಿತೆಗಳು ನಂತರ ಬಂದವು. ಅವುಗಳಲ್ಲಿ ಹೀಗೆ ಎಣಿಸುತ್ತಾ ಕೂತರೆ ಏನೂ ಸಿಗುವುದಿಲ್ಲ.

ಸಂಜೆ ಮನೆಯಲ್ಲಿ ದಾದಾಗೆ ಎರಡು ಸಾಲನ್ನೂ ಓದಿ ಹೇಳಿದೆ, ಮೊದಲು ‘ಬದಿಯಲ್ಲಿ’ ಎಂದು, ಆಮೇಲೆ ‘ಬದಿಯಲಿ’ ಎಂದು. ಅವರಿಗೆ ಕನ್ನಡ ಪದ್ಯ ಓದಿ ಗೊತ್ತಿಲ್ಲ. ಆದರೂ ಮೊದಲನೆಯದಕ್ಕೆ ಕೈ ಎತ್ತಿ ತಡೆದರು. “ಮಿಸ್ರಾ ಬಹರ್‌ನಿಂದ ಬಿತ್ತು, ಬೇಟಾ” ಎಂದರು. ಮಿಸ್ರಾ ಎಂದರೆ ಸಾಲು, ಬಹರ್ ಎಂದರೆ ಛಂದಸ್ಸು. ಉರ್ದುವಿನಲ್ಲೂ ಎಣಿಸುವುದು ಉದ್ದ ಮತ್ತು ಗಿಡ್ಡ ಉಚ್ಚಾರಗಳನ್ನೇ.

ಮರುದಿನ ರಬ್ಬರ್ ತೆಗೆದುಕೊಂಡು ಹೋಗಿ ಪುಸ್ತಕದ ಆ ಒತ್ತನ್ನು ಅಳಿಸಿದೆ.