ಆನೆ ಕೊಟ್ಟವನು ಗೆದ್ದದ್ದು ಹೇಗೆ?

ತಮ್ಮಾ, ನಿನ್ನ ಮೆಸೇಜು ಓದಿದೆ. ಐದು ಅಂಕದ ಆನೆ ಕೊಟ್ಟು ಮೂರು ಅಂಕದ ಕುದುರೆ ತಗೊಂಡರೆ ನಷ್ಟ ತಾನೇ, ಹಾಗಿದ್ದೂ ಮಾರ್ಫಿ ಗೆದ್ದದ್ದು ಹೇಗೆ ಅಂತ ಕೇಳಿದ್ದೀಯ. ಬೋರ್ಡು ಮುಂದಿಟ್ಟುಕೊಂಡೇ ಓದು, ಬರೀ ತಲೆಯಲ್ಲಿ ಆಡಿಸಬೇಡ.

ಆಟ ನಡೆದದ್ದು 1858ರಲ್ಲಿ, ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ. ಬಿಳಿ ಕಾಯಿ ಅಮೆರಿಕದ ಪಾಲ್ ಮಾರ್ಫಿಯದು, ಆಗ ಅವನಿಗೆ 21 ವರ್ಷ. ಕಪ್ಪು ಕಾಯಿಗೆ ಇಬ್ಬರು: ಡ್ಯೂಕ್ ಆಫ್ ಬ್ರನ್ಸ್‌ವಿಕ್ ಮತ್ತು ಕೌಂಟ್ ಇಸುವಾರ್, ಇಬ್ಬರೂ ಮಾತಾಡಿಕೊಂಡು ಆಡಿದರು. ಹದಿನೇಳನೇ ನಡೆಗೇ ಆಟ ಮುಗಿಯಿತು.

ಹನ್ನೆರಡು ನಡೆ ಆದಮೇಲಿನ ಸ್ಥಿತಿಗೆ ಬಾ. ಕಪ್ಪು ರಾಜ ಇನ್ನೂ ಇ8ರಲ್ಲೇ ಕೂತಿದ್ದಾನೆ. ಅವನ ಮುಂದೆ ಇ7ರಲ್ಲಿ ಅವನದೇ ರಾಣಿ. ಅವಳು ಅಲ್ಲಿ ನಿಂತದ್ದರಿಂದ ಎಫ್8ರ ಒಂಟೆಗೆ ಹೊರಗೆ ಬರಲು ದಾರಿಯಿಲ್ಲ. ಒಂಟೆ ಕದಲದಿದ್ದರೆ ಆ ಕಡೆ ಕ್ಯಾಸ್ಲಿಂಗ್ ಇಲ್ಲ, ಎಚ್8ರ ಆನೆಯೂ ಆಟಕ್ಕೆ ಬರುವುದಿಲ್ಲ. ಇನ್ನು ಎರಡು ಕುದುರೆ ಇವೆಯಲ್ಲ, ಅವುಗಳ ಪಾಡು ನೋಡು. ಡಿ7ರ ಕುದುರೆ ಅಲುಗಾಡುವಂತಿಲ್ಲ, ಅಲುಗಿದರೆ ಬಿ5ರಲ್ಲಿರುವ ಬಿಳಿ ಒಂಟೆ ರಾಜನಿಗೇ ಚೆಕ್ ಕೊಡುತ್ತದೆ. ಎಫ್6ರ ಕುದುರೆ ಸರಿದರೆ ಜಿ5ರ ಒಂಟೆ ರಾಣಿಯನ್ನೇ ಹೊಡೆಯುತ್ತದೆ. ಅಂದರೆ ಕಪ್ಪಿನ ಕಾಯಿಗಳು ಬೋರ್ಡಿನ ಮೇಲೆ ಇವೆ, ಕೆಲಸಕ್ಕೆ ಮಾತ್ರ ಇಲ್ಲ. ಬಿಳಿಯಲ್ಲಿ ಸುಮ್ಮನೆ ಕೂತದ್ದು ಒಂದೇ ಒಂದು, ಎಚ್1ರ ಆನೆ.

ಈಗ ಹದಿಮೂರನೇ ನಡೆ. ಡಿ1ರ ಆನೆ ನೇರ ಹೋಗಿ ಡಿ7ರ ಕುದುರೆಯನ್ನು ಹೊಡೆಯಿತು. ಡಿ8ರಲ್ಲಿದ್ದ ಕಪ್ಪು ಆನೆ ಅದನ್ನು ತಿಂದಿತು. ನೀನು ನಷ್ಟ ಅಂದದ್ದು ಇಲ್ಲಿ, ಆದರೆ ತಿಂದ ಆನೆ ಈಗ ಎಲ್ಲಿ ನಿಂತಿದೆ ನೋಡು. ಅದೇ ಡಿ7, ಕುದುರೆ ಸಿಕ್ಕಿಬಿದ್ದಿದ್ದ ಅದೇ ಮನೆ! ಬಿ5ರ ಒಂಟೆ ಈಗ ಆನೆಯನ್ನು ಕಟ್ಟಿಹಾಕಿದೆ. ಜೊತೆಗೆ ಡಿ1 ಖಾಲಿಯಾಯಿತು. ಮುಂದಿನ ನಡೆಗೇ ಎಚ್1ರ ಆನೆ ಅಲ್ಲಿಗೆ ಬಂದು ಮತ್ತೆ ಡಿ7ರ ಮೇಲೆ ಕಣ್ಣಿಟ್ಟಿತು. ನನ್ನ ಪ್ರಕಾರ ಇಡೀ ಆಟದ ಗುಟ್ಟು ಈ ನಡೆಯಲ್ಲಿದೆ, ಎಲ್ಲರೂ ಹೊಗಳುವ ರಾಣಿಯ ಬಲಿಯಲ್ಲಲ್ಲ. ಬಿಳಿ ಕೊಟ್ಟದ್ದು ಕೆಲಸ ಮಾಡುತ್ತಿದ್ದ ಆನೆಯನ್ನು, ಆದರೆ ಅದರ ಜಾಗಕ್ಕೆ ಕೂತಿದ್ದ ಆನೆ ಒಂದೇ ನಡೆಯಲ್ಲಿ ಬಂತು. ಕಪ್ಪು ಕಳಕೊಂಡದ್ದು ರಾಜನ ಕಾವಲು, ಆ ಜಾಗಕ್ಕೆ ಕಳಿಸಲು ಬೇರೆ ಯಾರೂ ಇಲ್ಲ.

ಕಪ್ಪು ರಾಣಿ ಇ6ಕ್ಕೆ ಸರಿಯಿತು. ಎಫ್6ರ ಕುದುರೆಯನ್ನು ಬಿಡಿಸಲು, ಸಾಧ್ಯವಾದರೆ ರಾಣಿಗಳನ್ನು ಬದಲಾಯಿಸಲು. ಬಿ4ಕ್ಕೆ ಹೋಗಿದ್ದರೆ? ಬಿಳಿ ಜಿ5ರ ಒಂಟೆಯಿಂದ ಎಫ್6ರ ಕುದುರೆ ಹೊಡೆಯುತ್ತದೆ. ಆಸೆಗೆ ಬಿದ್ದು ಕಪ್ಪು ಬಿ3ರ ರಾಣಿಯನ್ನು ತಿಂದರೆ, ಇನ್ನೊಂದು ಒಂಟೆ ಡಿ7ರ ಆನೆಯನ್ನು ಹೊಡೆದದ್ದೇ ಮ್ಯಾಟ್. ಆಡಿ ನೋಡು.

ನಿಜವಾದ ಆಟದಲ್ಲಿ ಬಿಳಿ ಒಂಟೆ ಡಿ7ರ ಆನೆಯನ್ನು ಹೊಡೆದು ಚೆಕ್ ಕೊಟ್ಟಿತು, ಎಫ್6ರ ಕುದುರೆ ಅದನ್ನು ತಿಂದಿತು. ಆಗ ಬಿಳಿ ರಾಣಿ ಬಿ8ಕ್ಕೆ ಹೋಗಿ ಚೆಕ್. ಕುದುರೆ ಅವಳನ್ನು ತಿನ್ನದೆ ಗತಿಯಿಲ್ಲ. ತಿನ್ನಲು ಡಿ7 ಬಿಟ್ಟಿತು, ಡಿ ಸಾಲು ಪೂರ್ತಿ ತೆರೆಯಿತು, ಆನೆ ಡಿ8ಕ್ಕೆ ಬಂದು ಮ್ಯಾಟ್. ಜಿ5ರ ಒಂಟೆ ಆ ಆನೆಯನ್ನೂ ಕಾಯುತ್ತದೆ, ರಾಜ ಇ7ಕ್ಕೆ ಓಡದಂತೆಯೂ ತಡೆಯುತ್ತದೆ.

ಕೊನೆಯಲ್ಲಿ ಅಂಕ ಎಣಿಸು: ಕಪ್ಪಿನ ಬಳಿ 25, ಬಿಳಿಯ ಬಳಿ 15. ಕಪ್ಪಿನ ಎಫ್8ರ ಒಂಟೆ, ಎಚ್8ರ ಆನೆ ಆಟ ಮುಗಿಯುವವರೆಗೂ ಒಂದು ಹೆಜ್ಜೆ ಇಟ್ಟಿರಲಿಲ್ಲ. ಅಂಕದ ಲೆಕ್ಕ ಸುಳ್ಳಲ್ಲ ಕಣೋ, ಎಲ್ಲ ಕಾಯಿಗೂ ಆಡಲು ಸಮಯ ಸಿಕ್ಕಾಗ ಅದು ಸರಿಯೇ. ಕಪ್ಪಿಗೆ ಆ ಸಮಯ ಸಿಗಲಿಲ್ಲ, ಏಕೆಂದರೆ ಬಿಳಿಯ ಪ್ರತಿ ನಡೆಯೂ ಚೆಕ್ಕು, ಇಲ್ಲವೇ ತಡೆಯಲೇಬೇಕಾದ ಬೆದರಿಕೆ. ಎದುರಾಳಿಗೆ ಉಸಿರಾಡಲು ಒಂದು ನಡೆ ಸಿಗುವಂತಿದ್ದರೆ, ರಾಜ ಕ್ಯಾಸ್ಲಿಂಗ್ ಮಾಡಿ ತಪ್ಪಿಸಿಕೊಳ್ಳುವಂತಿದ್ದರೆ, ಕೊಟ್ಟ ಆನೆ ಕೊಟ್ಟ ಹಾಗೇ. ನಿನ್ನ ವಯಸ್ಸಿನವರು ಎಡವುವುದು ಇಲ್ಲೇ: ಹೊಡೆತ ಚೆನ್ನಾಗಿ ಕಾಣುತ್ತದೆ, ಅದರ ಹಿಂದೆ ಬರಬೇಕಾದ ಕಾಯಿ ಇರುವುದಿಲ್ಲ.

ಅನುಮಾನವಿದ್ದರೆ ಹದಿಮೂರನೇ ನಡೆಯ ಸ್ಥಿತಿ ಮತ್ತೆ ಜೋಡಿಸಿ, ಎಚ್1ರ ಬಿಳಿ ಆನೆಯನ್ನು ಬೋರ್ಡಿನಿಂದ ಎತ್ತಿಟ್ಟು ಅದೇ ಹೊಡೆತ ಆಡು. ಮ್ಯಾಟ್ ಎಲ್ಲೂ ಸಿಗುವುದಿಲ್ಲ, ಕಪ್ಪಿನ ಹತ್ತಿರ ಒಂದು ಆನೆ ಹೆಚ್ಚಿಗೆ ಉಳಿಯುತ್ತದೆ. ಆಡಿ ಮುಗಿಸಿ ಏನಾಯಿತು ಅಂತ ನನಗೆ ಬರೆ.