ಹತ್ತು ದಿನದ ಮೌನಕ್ಕೆ ರಜೆ ಹಾಕುವ ಮುನ್ನ

ಮಾತಿಲ್ಲ, ಫೋನಿಲ್ಲ, ಅಡುಗೆಯ ಚಿಂತೆಯಿಲ್ಲ, ಕೊಠಡಿಗೆ ಬಾಡಿಗೆಯೂ ಇಲ್ಲ. ಇಷ್ಟು ಕೇಳಿದರೆ ಹತ್ತು ದಿನದ ವಿಪಶ್ಯನ ಶಿಬಿರ ದಣಿದವರಿಗೆ ಹೇಳಿ ಮಾಡಿಸಿದ ರಜೆ ಎನಿಸುತ್ತದೆ. ಆದರೆ ಅಲ್ಲಿ ಬೆಳಗಿನ ಗಂಟೆ ಬಾರಿಸುವುದು ನಾಲ್ಕಕ್ಕೆ. ನಾಲ್ಕೂವರೆಗೆ ಶುರುವಾದರೆ ರಾತ್ರಿ ಒಂಬತ್ತರವರೆಗೆ, ಊಟ, ವಿರಾಮ, ಪ್ರವಚನ ಕಳೆದರೂ, ಹತ್ತು ಗಂಟೆಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕೂರಬೇಕು. ವಿಶ್ರಾಂತಿ ಸಿಗುವುದಿಲ್ಲವೆಂದಲ್ಲ, ಬಹಳ ಮಂದಿಗೆ ಅದು ಕೈಗೆ ಬರುವುದು ಶಿಬಿರದ ಕೊನೆಯ ಮೂರು ನಾಲ್ಕು ದಿನಗಳಲ್ಲಿ. ಅದು ಗೊತ್ತಿಲ್ಲದೆ ಬಂದವರು ಮೂರನೆಯ ದಿನವೇ ಬ್ಯಾಗು ಕಟ್ಟಲು ನೋಡುತ್ತಾರೆ.

ಈ ಶಿಬಿರಗಳನ್ನು ಇಂದಿನ ರೂಪಕ್ಕೆ ತಂದವರು ಸತ್ಯನಾರಾಯಣ ಗೋಯಂಕಾ. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ವ್ಯಾಪಾರಿ. ವಿಪರೀತ ಅರೆತಲೆನೋವಿಗೆ ಎಲ್ಲೂ ಮದ್ದು ಸಿಗದೆ, ಅಲ್ಲಿನ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದ ಊ ಬಾ ಖಿನ್ ಅವರ ಬಳಿ ಹೋದರು. ತಲೆನೋವು ವಾಸಿಮಾಡಿಕೊಳ್ಳಲಿಕ್ಕಷ್ಟೇ ಬಂದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂದರಂತೆ ಗುರು. ಇದನ್ನು ಗೋಯಂಕಾ ಅವರೇ ಹೇಳಿಕೊಂಡಿದ್ದಾರೆ. ರಜೆಗೆಂದು ಹೊರಡುವವರು ಈ ಮಾತನ್ನು ಒಮ್ಮೆ ಕೇಳಿಸಿಕೊಳ್ಳುವುದು ಒಳ್ಳೆಯದು. 1969ರಲ್ಲಿ ಅವರು ಭಾರತಕ್ಕೆ ಬಂದು ಕಲಿಸತೊಡಗಿದರು, 2013ರಲ್ಲಿ ತೀರಿಕೊಂಡರು. ಇವತ್ತಿಗೂ ಶಿಬಿರಗಳಲ್ಲಿ ಪಾಠ ಕೇಳುವುದು ಧ್ವನಿಮುದ್ರಣದಿಂದಲೇ. ಮುಖ್ಯ ಕೇಂದ್ರ ಮಹಾರಾಷ್ಟ್ರದ ಇಗತಪುರಿಯಲ್ಲಿದೆ. ನಮಗೆ ಹತ್ತಿರದ್ದು ಬೆಂಗಳೂರಿನ ಹೊರವಲಯ, ದಾಸನಪುರ ಹೋಬಳಿ ಆಲೂರಿನ ‘ಧಮ್ಮ ಪಫುಲ್ಲ’.

ಹತ್ತು ದಿನದ ಶಿಬಿರಕ್ಕೆ ಹತ್ತೇ ದಿನ ರಜೆ ಹಾಕಿದರೆ ಸಾಲದು. ಬಂದ ದಿನವನ್ನು ಅಲ್ಲಿ ಎಣಿಸುವುದೇ ಇಲ್ಲ, ಬಿಡುವುದು ಹನ್ನೊಂದನೆಯ ದಿನ ಬೆಳಗ್ಗೆ. ದಾವಣಗೆರೆಯಲ್ಲಿ ವಾರಕ್ಕೆ ಐದು ದಿನ, ಸೋಮವಾರದಿಂದ ಶುಕ್ರವಾರ ಕೆಲಸ ಮಾಡುವ ಒಬ್ಬರು ಹೊರಟಿದ್ದಾರೆಂದು ಇಟ್ಟುಕೊಳ್ಳಿ. ಶಿಬಿರ ಬುಧವಾರ ಸಂಜೆ ಶುರು. ಮಧ್ಯಾಹ್ನವೇ ತಲುಪಿ ಹೆಸರು ನೋಂದಾಯಿಸಿ, ಫೋನು, ಪುಸ್ತಕ, ಪೆನ್ನು ಒಪ್ಪಿಸಬೇಕು. ಗುರುವಾರ ಮೊದಲನೆಯ ದಿನ, ಮುಂದಿನ ವಾರದ ಶನಿವಾರ ಹತ್ತನೆಯ ದಿನ, ಭಾನುವಾರ ಬೆಳಗ್ಗೆ ಬಿಡುಗಡೆ. ಕ್ಯಾಲೆಂಡರಿನಲ್ಲಿ ಹನ್ನೆರಡು ದಿನ, ಕೆಲಸದ ದಿನ ಎಂಟು. ಇದಕ್ಕೆ ಸೋಮವಾರ, ಮಂಗಳವಾರ ಸೇರಿಸಿ ಹತ್ತು ರಜೆ ಹಾಕಿ ಎನ್ನುತ್ತೇನೆ ನಾನು. ಆ ಎರಡು ದಿನ ಯಾಕೆಂದು ಮುಂದೆ ತಿಳಿಯುತ್ತದೆ. ಮೂರು ದಿನದ್ದು ಇಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇದೆ, ಆದರೆ ಹತ್ತು ದಿನದ್ದನ್ನು ಒಮ್ಮೆ ಮುಗಿಸಿದವರಿಗೆ ಮಾತ್ರ.

ಅರ್ಜಿ ತುಂಬುವುದು dhamma.org ತಾಣದಲ್ಲಿ. ಗಂಡಸರಿಗೆ, ಹೆಂಗಸರಿಗೆ ಸ್ಥಾನಗಳು ಬೇರೆ ಬೇರೆ, ಬೇಗ ಭರ್ತಿಯಾಗುತ್ತವೆ. ಹಾಗಾಗಿ ತಿಂಗಳುಗಳ ಮುಂಚೆಯೇ ನೋಡಬೇಕು. ಪ್ರವಚನ ಯಾವ ಭಾಷೆಯಲ್ಲಿ ಬೇಕೆಂದೂ ಆಗಲೇ ನೋಡಿಕೊಳ್ಳಿ. ಸ್ಥಾನ ಸಿಕ್ಕ ಮೇಲೂ ಶಿಬಿರ ಹತ್ತಿರವಾದಾಗ ‘ಬರುತ್ತೀರಾ’ ಎಂದು ಮತ್ತೊಮ್ಮೆ ಕೇಳುತ್ತಾರೆ. ಉತ್ತರ ಕೊಡದಿದ್ದರೆ ಆ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ. ಶುಲ್ಕವಿಲ್ಲ, ಶಿಬಿರ ಮುಗಿಸಿದವರು ಕೊಟ್ಟ ದಾನದಿಂದಲೇ ಮುಂದಿನವರ ಊಟ, ವಸತಿ. ಅರ್ಜಿಯಲ್ಲಿ ಕಾಯಿಲೆ, ಔಷಧಿ, ಮನೋವೈದ್ಯರ ಚಿಕಿತ್ಸೆಯ ವಿವರ ಕೇಳುವ ಕಡೆ ಏನನ್ನೂ ಮುಚ್ಚಿಡಬಾರದು. ಖಿನ್ನತೆಗೋ ಬೈಪೋಲಾರ್‌ಗೋ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಒಮ್ಮೆ ಮತಿವಿಭ್ರಮೆ ಕಂಡವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಶಿಬಿರಕ್ಕೆಂದು ಮಾತ್ರೆ ನಿಲ್ಲಿಸುವುದಂತೂ ಕೂಡದು.

ಇನ್ನೊಂದು ವಿಷಯ ನಮ್ಮ ಮನೆಗಳಲ್ಲಿ ತಕರಾರು ಎಬ್ಬಿಸುವಂಥದ್ದು. ಶಿಬಿರದಷ್ಟು ದಿನ ಪೂಜೆ, ಜಪ, ಸಂಧ್ಯಾವಂದನೆ, ಉಪವಾಸ ಎಲ್ಲವನ್ನೂ ನಿಲ್ಲಿಸಬೇಕು; ಜಪಮಾಲೆ ಒಳಗೆ ಒಯ್ಯುವಂತಿಲ್ಲ. ಖಂಡಿಸುವುದಕ್ಕಲ್ಲ, ಒಂದರೊಳಗೆ ಇನ್ನೊಂದನ್ನು ಬೆರೆಸಬಾರದೆಂದು. ಏಕಾದಶಿ ಬಿಡಲಾಗದವರು ದಿನಾಂಕ ಆರಿಸುವಾಗಲೇ ಪಂಚಾಂಗ ನೋಡಿ ಯೋಚಿಸಲಿ.

ಸಿದ್ಧತೆಯಲ್ಲಿ ನಾನು ಮೊದಲು ಹೇಳುವುದು ಕಾಫಿಯ ಮಾತು. ದಿನಕ್ಕೆ ಮೂರು ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಥಟ್ಟನೆ ಬಿಟ್ಟರೆ ಒಂದು ದಿನದೊಳಗೆ ತಲೆನೋವು ಶುರುವಾಗಿ, ಎರಡನೆಯ ದಿನ ಜೋರಾಗುತ್ತದೆ. ಧ್ಯಾನದಿಂದ ತಲೆ ಸಿಡಿಯುತ್ತಿದೆ ಎಂದು ಗಾಬರಿಯಾಗುವ ಹಲವರಿಗೆ ನಿಜಕ್ಕೂ ಆಗಿರುವುದು ಇದೇ. ಹೊರಡುವ ಎರಡು ವಾರ ಮುಂಚೆಯೇ ಎರಡು ಮೂರು ದಿನಕ್ಕೊಮ್ಮೆ ಅರ್ಧ ಲೋಟ ಕಡಿಮೆ ಮಾಡುತ್ತ ಬಂದರೆ ಈ ಸಂಕಟವಿರುವುದಿಲ್ಲ. ಹಾಗೆಯೇ ರಾತ್ರಿಯೂಟವನ್ನು ಬೇಗ ಮಾಡಿ ಹಗುರ ಮಾಡಿಕೊಳ್ಳಿ. ಅಲ್ಲಿ ಊಟ ಹನ್ನೊಂದಕ್ಕೆ. ಆಮೇಲೆ ಸಂಜೆ ಐದಕ್ಕೆ ಹೊಸಬರಿಗೆ ಚಹಾ ಅಥವಾ ಹಾಲು, ಹಣ್ಣು, ಕೆಲವೆಡೆ ಮಂಡಕ್ಕಿ. ಅಷ್ಟೇ. ಮನೆಯಲ್ಲಿ ದಿನಾ ಅರ್ಧ ಗಂಟೆ ನೆಲದ ಮೇಲೆ ಕೂತು ನೋಡಿ. ಮಂಡಿ ಒಪ್ಪದಿದ್ದರೆ ಕುರ್ಚಿ ಬೇಕೆಂದು ಮೊದಲೇ ತಿಳಿಸಿ, ಅದರಲ್ಲಿ ನಾಚಿಕೆಯೇನಿಲ್ಲ. ಬಟ್ಟೆ ಸಡಿಲವಾಗಿರಲಿ, ನಡೆದರೆ ಸದ್ದಾಗದ ಚಪ್ಪಲಿ ಇರಲಿ. ಕೇಂದ್ರದ ಕಚೇರಿಯ ಫೋನ್ ನಂಬರನ್ನು ಮನೆಯಲ್ಲಿ ಬರೆದಿಟ್ಟು ಹೋಗಿ. ತುರ್ತಿದ್ದರೆ ಅವರು ಸುದ್ದಿ ಮುಟ್ಟಿಸುತ್ತಾರೆ.

ಮೌನ ಮೊದಲ ರಾತ್ರಿಯಿಂದಲೇ. ‘ಆರ್ಯ ಮೌನ’ ಎನ್ನುತ್ತಾರೆ. ಮಾತಷ್ಟೇ ಅಲ್ಲ, ಸನ್ನೆ, ಚೀಟಿ, ಕಣ್ಣಲ್ಲೇ ಮಾತಾಡುವುದೂ ಇಲ್ಲ. ಕೊಠಡಿಯ ಜೊತೆಗಾರನ ಹೆಸರೇ ತಿಳಿಯದೆ ಹತ್ತು ದಿನ ಕಳೆಯುತ್ತದೆ. ಆಚಾರ್ಯರ ಹತ್ತಿರ ಅನುಮಾನ ಕೇಳಬಹುದು, ಹೊದಿಕೆ ಬೇಕಿದ್ದರೆ ಧಮ್ಮ ಸೇವಕರಿಗೆ ಹೇಳಬಹುದು. ವಿಚಿತ್ರವೆಂದರೆ ಮಾತು ಬಿಡುವುದು ಯಾರಿಗೂ ಅಷ್ಟು ಕಷ್ಟವಾಗುವುದಿಲ್ಲ. ‘ಊಟ ಆಯ್ತಾ’, ‘ಹೇಗಿದ್ದೀರಿ’ ಎನ್ನುವ ಉಪಚಾರದ ಭಾರ ಇಳಿದು ಹಾಯೆನಿಸುತ್ತದೆ. ಕಷ್ಟ ಕೊಡುವುದು ಬಿಡುವಿನ ವೇಳೆ. ಓದಲು ಏನೂ ಇಲ್ಲದ್ದರಿಂದ ಸೂಚನಾ ಫಲಕದ ವೇಳಾಪಟ್ಟಿಯನ್ನೇ ಮತ್ತೆ ಮತ್ತೆ ಓದುತ್ತ ನಿಲ್ಲುತ್ತಾರೆ ಜನ.

ಮೊದಲ ಮೂರು ದಿನ ಮಾಡುವುದು ಆನಾಪಾನ, ಅಂದರೆ ಉಸಿರು ಬಂದು ಹೋಗುವುದನ್ನು ಮೂಗಿನ ಹೊಳ್ಳೆಗಳ ಬಳಿ ಗಮನಿಸುವುದು. ಉಸಿರನ್ನು ಎಳೆಯುವಂತಿಲ್ಲ, ಎಣಿಸುವಂತಿಲ್ಲ, ಮಂತ್ರ ಸೇರಿಸುವಂತಿಲ್ಲ. ಮೂರನೆಯ ದಿನದ ಹೊತ್ತಿಗೆ ಗಮನವನ್ನು ಮೂಗಿನ ಕೆಳಗೆ, ಮೇಲ್ದುಟಿಯ ಮೇಲಿನ ಪುಟ್ಟ ಜಾಗಕ್ಕೆ ತಂದು ನಿಲ್ಲಿಸಲು ಹೇಳುತ್ತಾರೆ. ಮನಸ್ಸು ನಾಲ್ಕು ಉಸಿರಿಗೂ ನಿಲ್ಲುವುದಿಲ್ಲ. ಎಂದೋ ಕೇಳಿದ ಸಿನಿಮಾ ಹಾಡಿನ ಒಂದು ಸಾಲು ಇಡೀ ದಿನ ತಲೆಯಲ್ಲಿ ತಿರುಗುತ್ತದೆ. ಹತ್ತು ವರ್ಷದ ಹಿಂದಿನ ಆಸ್ತಿ ಜಗಳಕ್ಕೆ ಈಗ ಸರಿಯಾದ ಉತ್ತರ ಹೊಳೆಯುತ್ತದೆ. ಊಟದ ನಂತರದ ಒಂದರಿಂದ ಎರಡೂವರೆಯ ಬೈಠಕ್ಕಿನಲ್ಲಿ ನಿದ್ದೆ ತಡೆಯುವುದೇ ಸಾಧನೆ. ಗುರುತೇ ಇಲ್ಲದ ಪಕ್ಕದವರ ತೇಗು, ಕೆಮ್ಮಿನ ಮೇಲೆ ಹುಟ್ಟುವ ಸಿಟ್ಟು ಎಷ್ಟೆಂದರೆ ತನಗೇ ನಗು ಬರಬೇಕು. ಎಲ್ಲರಿಗೂ ಹೀಗೆಯೇ ಆಗುತ್ತಿದೆ, ಬಾಯಿ ಬಿಟ್ಟು ಹೇಳುವಂತಿಲ್ಲವಾದ್ದರಿಂದ ‘ನನಗೊಬ್ಬನಿಗೇ ಆಗುತ್ತಿಲ್ಲ’ ಎನಿಸುತ್ತದೆ. ರಾತ್ರಿ ಏಳರ ಪ್ರವಚನದಲ್ಲಿ ಗೋಯಂಕಾ ಆ ದಿನದ ಪೇಚಾಟವನ್ನೆಲ್ಲ ಹಾಸ್ಯ ಬೆರೆಸಿ ಹೇಳಿದಾಗ ಸಭಾಂಗಣದಲ್ಲಿ ನಗು ಏಳುತ್ತದೆ. ಇಡೀ ದಿನದಲ್ಲಿ ಜನ ಕಾಯುವ ಹೊತ್ತು ಅದು.

ನಾಲ್ಕನೆಯ ದಿನ ಮಧ್ಯಾಹ್ನ ವಿಪಶ್ಯನ ಕಲಿಸುತ್ತಾರೆ. ನೆತ್ತಿಯಿಂದ ಅಂಗಾಲಿನವರೆಗೆ ಗಮನ ಹರಿಸುತ್ತ, ಅಲ್ಲಲ್ಲಿ ಕಾಣುವ ತುರಿಕೆ, ಬಿಸಿ, ಸೆಳೆತವನ್ನು ಬೇಕೆಂದೂ ಬೇಡವೆಂದೂ ಅನ್ನದೆ ನೋಡುವುದು. ಅಲ್ಲಿಂದ ಮುಂದೆ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರುವ ‘ಅಧಿಷ್ಠಾನ’. ಮುಕ್ಕಾಲು ಗಂಟೆ ದಾಟುವಾಗ ಮಂಡಿ ಕಿತ್ತು ಬರುವಂತಾಗುತ್ತದೆ. ಇಲ್ಲಿ ಒಂದು ಗುರುತು ನೆನಪಿರಲಿ. ಎದ್ದು ನಡೆದ ಐದು ಹತ್ತು ನಿಮಿಷದಲ್ಲಿ ಮಾಯವಾಗುವ ನೋವು ಕೂತದ್ದರ ನೋವು. ನಡೆಯುವಾಗಲೂ ಚುಚ್ಚುವುದು, ಬಾತುಕೊಳ್ಳುವುದು, ಪಾದದ ಮರಗಟ್ಟುವಿಕೆ ಬಿಡದಿರುವುದು ಪೆಟ್ಟಿನ ಲಕ್ಷಣ. ಅದನ್ನು ಹಟದಿಂದ ಸಹಿಸಬೇಡಿ, ಕುರ್ಚಿ ಕೇಳಿ. ಯಾವ ತೊಂದರೆಯೂ ಇಲ್ಲದ ನೋವಾದರೆ ಒಂದು ಹಂತದಲ್ಲಿ ಅದು ಒಂದೇ ಗಟ್ಟಿಯಾಗಿಲ್ಲ, ಬಿಸಿ ಬೇರೆ, ಮಿಡಿತ ಬೇರೆ, ಅದರ ಮೇಲಿನ ಹೆದರಿಕೆ ಬೇರೆ ಎಂದು ಕಾಣತೊಡಗುತ್ತದೆ. ಶಿಬಿರದ ನಿಜವಾದ ಪಾಠ ಅಷ್ಟೇ ಎಂದು ನನ್ನ ಎಣಿಕೆ. ಒಂದು ಬೈಠಕ್ಕಿನಲ್ಲಿ ಮೈಯೆಲ್ಲ ಹಗುರವಾದದ್ದು ಮುಂದಿನದರಲ್ಲಿ ಬರುವುದಿಲ್ಲ, ಅದನ್ನೇ ಹುಡುಕುತ್ತ ಕೂತರೆ ಇಡೀ ದಿನ ಹಾಳು.

ಏಳೆಂಟನೆಯ ದಿನಕ್ಕೆ ಬದಲಾವಣೆ ಹೊರಗೂ ಕಾಣುತ್ತದೆ. ನಡಿಗೆ ನಿಧಾನ, ಸಾದಾ ಅನ್ನ ಸಾರಿಗೂ ರುಚಿ, ಕಡಿಮೆ ನಿದ್ದೆಯಲ್ಲೂ ಲವಲವಿಕೆ. ಕನಸುಗಳು ಮಾತ್ರ ಸಿನಿಮಾದಷ್ಟು ಸ್ಪಷ್ಟ.

ಎಲ್ಲರಿಗೂ ಹೀಗಾಗುವುದಿಲ್ಲ ಎನ್ನುವುದನ್ನು ಮುಚ್ಚಿಡಬಾರದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲಬಿ ಬ್ರಿಟನ್ ಮತ್ತು ಸಂಗಡಿಗರು ಧ್ಯಾನದಿಂದ ತೊಂದರೆ ಅನುಭವಿಸಿದವರನ್ನು ಮಾತಾಡಿಸಿ 2017ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ. ಭಯ, ನಿದ್ರಾಹೀನತೆ, ತಾನೂ ಸುತ್ತಲಿನದೂ ನಿಜವಲ್ಲ ಎನಿಸುವುದು ಅವರು ದಾಖಲಿಸಿದ್ದರಲ್ಲಿ ಸೇರಿವೆ. ಒಂದು ರಾತ್ರಿ ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು ಅಲ್ಲಿ ಮಾಮೂಲು. ಸತತ ಎರಡು ಮೂರು ರಾತ್ರಿ ಕಣ್ಣೇ ಮುಚ್ಚದಿದ್ದರೆ, ಯೋಚನೆ ಓಡುವುದು ನಿಲ್ಲದಿದ್ದರೆ, ಇಲ್ಲದ ಧ್ವನಿ ಕೇಳಿದರೆ ಆಚಾರ್ಯರಿಗೆ ಅಂದೇ ಹೇಳಿ ಅಭ್ಯಾಸ ನಿಲ್ಲಿಸಬೇಕು, ಮನೆಗೆ ಹೊರಡಬೇಕು. ಕೊನೆಯವರೆಗೂ ಇರುತ್ತೇನೆಂದು ಕೊಟ್ಟ ಮಾತು ಇದಕ್ಕಿಂತ ದೊಡ್ಡದಲ್ಲ.

ಹತ್ತನೆಯ ದಿನ ಬೆಳಗ್ಗೆ ಮೈತ್ರಿ ಧ್ಯಾನ ಕಲಿಸಿದ ಮೇಲೆ ಮೌನ ಬಿಡಿಸುತ್ತಾರೆ. ಸಂತೆ ನೆರೆದಷ್ಟು ಗದ್ದಲ. ಸಂಜೆಗೆ ಗಂಟಲು ಕಟ್ಟಿ, ತಲೆ ಭಾರವಾಗಿ, ಆ ರಾತ್ರಿ ಬಹಳ ಮಂದಿಗೆ ನಿದ್ದೆಯಿಲ್ಲ. ಆ ಒಂದು ದಿನ ಇಟ್ಟಿರುವುದೇ ಹೊರಗಿನ ಸದ್ದಿಗೆ ಒಗ್ಗಿಕೊಳ್ಳಲಿ ಎಂದು. ಅಷ್ಟಾದರೂ ಭಾನುವಾರ ತುಮಕೂರು ರಸ್ತೆಯ ಹಾರ್ನು ಕಿವಿಗೆ ಬಡಿಯುತ್ತದೆ. ಫೋನು ತೆರೆದರೆ ಹನ್ನೆರಡು ದಿನದ ಸಂದೇಶ. ಹಾಗಾಗಿಯೇ ಸೋಮವಾರ, ಮಂಗಳವಾರದ ರಜೆ. ದೂರದ ಊರಿಗೆ ತಾವೇ ಕಾರು ಓಡಿಸಿಕೊಂಡು ಹೋಗುವುದಕ್ಕಿಂತ ಬಸ್ಸು, ರೈಲು ವಾಸಿ.

ಇಷ್ಟೆಲ್ಲ ಓದಿ, ನನಗೆ ಬೇಕಿದ್ದದ್ದು ಬರಿಯ ವಿಶ್ರಾಂತಿ ಎನಿಸಿದರೆ ತಿರುವಣ್ಣಾಮಲೈಯ ರಮಣಾಶ್ರಮದಂಥ ಕಡೆ ಹೋಗುವುದು ಮೇಲು. ಬೆಂಗಳೂರಿನಿಂದ ಸುಮಾರು ಇನ್ನೂರು ಕಿಲೋಮೀಟರ್. ಅಲ್ಲಿ ಕಡ್ಡಾಯದ ಮೌನವಿಲ್ಲ, ಪಾಠವಿಲ್ಲ. ರಮಣರು ಕೂರುತ್ತಿದ್ದ ಹಳೆಯ ಹಾಲ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ಕೂರಬಹುದು, ಸಂಜೆ ಪಾರಾಯಣ ಕೇಳಬಹುದು, ಹಿಂಬದಿಯ ಕಾಲುದಾರಿಯಲ್ಲಿ ಸ್ಕಂದಾಶ್ರಮಕ್ಕೆ ಹತ್ತಿ ಬರಬಹುದು. ನೆಲದ ಮೇಲೆ ಎಲೆ ಹಾಕಿ ಊಟ. ವಸತಿಗೆ ವಾರಗಳ ಮುಂಚೆಯೇ ಇಮೇಲ್ ಬರೆದು ಒಪ್ಪಿಗೆ ಪಡೆಯಬೇಕು. ಮೊದಲ ಸಲ ಬರುವವರಿಗೆ ಸಾಮಾನ್ಯವಾಗಿ ಮೂರು ದಿನ ಕೊಡುತ್ತಾರೆ. ಹುಣ್ಣಿಮೆ ಮತ್ತು ಕಾರ್ತಿಕ ದೀಪದ ದಿನಗಳಲ್ಲಿ ಗಿರಿಪ್ರದಕ್ಷಿಣೆಯ ಜನಜಂಗುಳಿ ಊರನ್ನೇ ತುಂಬಿರುತ್ತದೆ, ಆ ದಿನಾಂಕಗಳನ್ನು ಬಿಟ್ಟು ಬರೆಯಿರಿ.